ಟ್ಯೂಬಿನಲ್ಲಿ ಗರ್ಭ ನಿಂತರೆ ಭುಜ ಯಾಕೆ ನೋಯುತ್ತದೆ?

"ಮುಟ್ಟು ನಿಂತು ಏಳು ವಾರ ಅಂತ ಲೆಕ್ಕ, ಮನೆಯಲ್ಲಿ ಮಾಡಿದ ಟೆಸ್ಟ್ ಪಾಸಿಟಿವ್. ನಿನ್ನೆಯಿಂದ ಕೆಳಹೊಟ್ಟೆಯ ಬಲಗಡೆ ಮಾತ್ರ ನೋವು, ಸ್ವಲ್ಪ ಕಂದು ಕಲೆ. ಇವತ್ತು ಭುಜವೂ ನೋಯ್ತಿದೆ. ಸ್ಕ್ಯಾನ್ ಮುಂದಿನ ವಾರ ಇದೆ, ಅಲ್ಲೀವರೆಗೂ ಕಾಯಬಹುದಾ?"

ಬೇಡ, ಈಗಲೇ ಹೊರಡಿ. ಸ್ಕ್ಯಾನ್, ಆಪರೇಷನ್ ಎರಡೂ ಇರುವ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಗಾಡಿ ನೀವೇ ಓಡಿಸಬೇಡಿ, ತಲೆಸುತ್ತು ಬರಬಹುದು. ಏನೂ ತಿನ್ನಬೇಡಿ, ಅರಿವಳಿಕೆ ಕೊಡಬೇಕಾಗಿ ಬರಬಹುದು. ಉಳಿದಿದ್ದನ್ನು ದಾರಿಯಲ್ಲಿ ಓದಿ.

ನಾನು ಹೆರಿಗೆ ವಿಭಾಗದಲ್ಲಿ ನರ್ಸ್. ನೀವು ಹೇಳಿದ ಮೂರೂ ಒಟ್ಟಿಗೆ ಬಂದರೆ ನಮಗೆ ಮೊದಲು ಬರುವ ಅನುಮಾನ ಎಕ್ಟೋಪಿಕ್, ಅಂದರೆ ಗರ್ಭಕೋಶದ ಹೊರಗೆ ಬೆಳೆಯುತ್ತಿರುವ ಗರ್ಭ. ಹೆಚ್ಚಾಗಿ ಅದು ಅಂಡಾಶಯದ ಕಡೆಯಿಂದ ಗರ್ಭಕೋಶಕ್ಕೆ ಬರುವ ಫೆಲೋಪಿಯನ್ ಟ್ಯೂಬಿನಲ್ಲಿರುತ್ತದೆ. ಗರ್ಭಕೋಶದ ಹಾಗೆ ಟ್ಯೂಬ್ ಹಿಗ್ಗುವುದಿಲ್ಲ. ಅದಕ್ಕೇ ಆರೇಳು ವಾರದ ಹೊತ್ತಿಗೆ ಆ ಒಂದು ಕಡೆ ನೋವು ಶುರುವಾಗುತ್ತದೆ. ಮನೆಯ ಟೆಸ್ಟ್ ಗರ್ಭ ನಿಂತಿದೆ ಅಂತ ಮಾತ್ರ ಹೇಳುತ್ತದೆ, ಎಲ್ಲಿ ಅಂತ ಹೇಳುವುದಿಲ್ಲ.

ಭುಜದ ನೋವನ್ನೇ ಎಲ್ಲರೂ ಕಡೆಗಣಿಸುವುದು. ನಮ್ಮಲ್ಲಿಗೆ ಬಂದಿದ್ದ ಒಬ್ಬರು ರಾತ್ರಿ ಅಡ್ಡಾದಿಡ್ಡಿ ಮಲಗಿದ್ದಕ್ಕೆ ಅಂದುಕೊಂಡು ಮುಲಾಮು ಹಚ್ಚಿಕೊಂಡಿದ್ದರು. ಭುಜ ಒತ್ತಿದರೆ ನೋವಿಲ್ಲ, ಕೈ ಎತ್ತಿದರೂ ಇಲ್ಲ. ಚಪ್ಪಟೆಯಾಗಿ ಮಲಗಿಸಿದ ತಕ್ಷಣ ಮಾತ್ರ ಭುಜದ ತುದಿ ಚುಚ್ಚಿತು. ತೊಂದರೆ ಭುಜದಲ್ಲಿರಲಿಲ್ಲ. ಟ್ಯೂಬಿನಿಂದ ಸೋರಿದ ರಕ್ತ ಹೊಟ್ಟೆಯೊಳಗೆ ಮೇಲಕ್ಕೆ ಹರಿದು ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯಂಥ ಸ್ನಾಯುವನ್ನು, ಕೆರಳಿಸುತ್ತದೆ. ವಪೆಯ ನರ ಕುತ್ತಿಗೆಯಿಂದ ಇಳಿದು ಬರುವುದರಿಂದ ಮೆದುಳಿಗೆ ಅದು ಭುಜದ ನೋವಿನ ಹಾಗೆ ಗೊತ್ತಾಗುತ್ತದೆ. ಮಲಗಿದಾಗ ರಕ್ತ ಇನ್ನೂ ಸುಲಭವಾಗಿ ಮೇಲೆ ಹೋಗುತ್ತದೆ, ನೋವೂ ಜಾಸ್ತಿಯಾಗುತ್ತದೆ.

ಅವರ ಪ್ಯಾಡಿನಲ್ಲಿ ಇದ್ದದ್ದು ಒಂದೆರಡು ಕಲೆ ಅಷ್ಟೇ. ಬಿ.ಪಿ. ಕೂಡ ನಾರ್ಮಲ್. ನಾಡಿ ಮಾತ್ರ ಓಡುತ್ತಿತ್ತು. ವಯಸ್ಸು ಚಿಕ್ಕದಿದ್ದರೆ ದೇಹ ತುಂಬಾ ಹೊತ್ತು ತಡೆದುಕೊಳ್ಳುತ್ತದೆ, ಆಮೇಲೆ ಬಿ.ಪಿ. ಒಮ್ಮೆಲೇ ಕುಸಿಯುತ್ತದೆ. ಸ್ಕ್ಯಾನಿನಲ್ಲಿ ಗರ್ಭಕೋಶ ಖಾಲಿ, ಹೊಟ್ಟೆಯೊಳಗೆ ರಕ್ತ. ಒಡೆದ ಟ್ಯೂಬನ್ನು ಅವತ್ತೇ ತೆಗೆದರು. ಹೊರಗೆ ಎಷ್ಟು ರಕ್ತ ಹೋಗುತ್ತಿದೆ ಅನ್ನುವುದನ್ನು ನೋಡಿ ಒಳಗಿನದನ್ನು ಅಂದಾಜು ಮಾಡಲೇಬಾರದು, ಅಲ್ವಾ?

ನಿಮಗೆ ಇದೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಅಂಡಾಶಯದ ನೀರುಗುಳ್ಳೆಗೂ ಒಂದೇ ಕಡೆ ನೋವು ಬರುತ್ತದೆ. ಆದರೆ ಸ್ಕ್ಯಾನ್ ಮತ್ತು ಗರ್ಭದ ಹಾರ್ಮೋನ್ ಅಳೆಯುವ ಎಚ್‌ಸಿಜಿ ರಕ್ತಪರೀಕ್ಷೆ ಇಲ್ಲದೆ ಯಾರಿಗೂ ಗೊತ್ತಾಗಲ್ಲ. ಬೇಗ ಸಿಕ್ಕರೆ, ಟ್ಯೂಬ್ ಒಡೆದಿರದಿದ್ದರೆ, ಕೆಲವರಿಗೆ ಗರ್ಭದ ಬೆಳವಣಿಗೆ ನಿಲ್ಲಿಸುವ ಮೆಥೊಟ್ರೆಕ್ಸೇಟ್ ಇಂಜೆಕ್ಷನ್‌ನಲ್ಲೇ ಮುಗಿಯುತ್ತದೆ. ಒಡೆದ ಮೇಲೆ ಆಪರೇಷನ್ನೇ ದಾರಿ.

ಕೌಂಟರಿನಲ್ಲಿ ಸುಮ್ನೆ "ಹೊಟ್ಟೆನೋವು" ಅನ್ನಬೇಡಿ. "ಏಳು ವಾರದ ಗರ್ಭಿಣಿ, ಒಂದೇ ಕಡೆ ನೋವು, ಭುಜವೂ ನೋಯ್ತಿದೆ, ಎಕ್ಟೋಪಿಕ್ ಇರಬಹುದಾ ನೋಡಿ" ಅಂತ ಹೇಳಿ. ತಲೆಸುತ್ತಿದರೆ, ಬೆವರಿದರೆ, ಮಲವಿಸರ್ಜನೆಗೆ ಅವಸರವಾದ ಹಾಗೆ ಒತ್ತಡ ಅನ್ನಿಸಿದರೆ ಅದನ್ನೂ ಸೇರಿಸಿ. ಬ್ಲಡ್ ಗ್ರೂಪ್ ನೆಗೆಟಿವ್ ಇದ್ದರೆ ಮರೆಯದೆ ತಿಳಿಸಿ, ಅದಕ್ಕೆ ಬೇರೆ ಇಂಜೆಕ್ಷನ್ ಬೇಕಾಗಬಹುದು.