ಬೇಗ ಮುಗಿಸುವ ಮಗುವಿಗೆ ರಿಪೋರ್ಟ್ ಕಾರ್ಡಿನಲ್ಲಿ ಏನು ಬರೆಯೋದು?

ಪತ್ರ: ನಾಲ್ಕನೇ ತರಗತಿಗೆ ಪಾಠ ಮಾಡುತ್ತೇನೆ. ಒಬ್ಬ ಹುಡುಗಿ ಎಲ್ಲರಿಗಿಂತ ಮೊದಲೇ ಲೆಕ್ಕ ಮುಗಿಸಿ ಸುಮ್ನೆ ಕೂತಿರುತ್ತಾಳೆ. ರಿಪೋರ್ಟ್ ಕಾರ್ಡಿನಲ್ಲಿ ‘ತುಂಬಾ ಜಾಣೆ, ಇನ್ನೂ ಸವಾಲು ಬೇಕು’ ಅಂತ ಬರೆದೆ. ಅವಳ ಅಪ್ಪ ಬಂದು, ‘ಸವಾಲು ಕೊಡಬೇಕಾದವರು ಯಾರು?’ ಅಂತ ಕೇಳಿದರು. ನಾನು ಏನು ಬರೆಯಬೇಕಿತ್ತು? – ಒಬ್ಬ ಶಿಕ್ಷಕಿ

ಉತ್ತರ: ಅವರು ಕೇಳಿದ್ದು ಸರಿಯಾಗಿಯೇ ಇದೆ ಮೇಡಂ. ಆ ಸಾಲಿನಲ್ಲಿ ಮುಂದಿನ ಕೆಲಸ ಯಾರದು ಅಂತ ಇಲ್ಲ. ಮನೆಯವರು ಅದನ್ನು ಓದಿ ಮುಂದಿನ ತರಗತಿಯ ಪುಸ್ತಕ ತಂದು ಮಗುವಿನ ಮುಂದೆ ಇಡುತ್ತಾರೆ. ಆಗ ಅದು ಅದೇ ಥರದ ಲೆಕ್ಕವನ್ನೇ ಇನ್ನಷ್ಟು ದೊಡ್ಡ ಸಂಖ್ಯೆಯಲ್ಲಿ ಮಾಡುತ್ತದೆ, ಅಷ್ಟೇ.

ಬರೆಯುವ ಮುಂಚೆ ಒಂದು ವಿಷಯ ನೋಡಿಕೊಳ್ಳಿ. ಬೇಗ ಮುಗಿಸೋದು ಬೇರೆ, ಪೂರ್ತಿ ಅರ್ಥ ಆಗಿರೋದು ಬೇರೆ. ಮುಂದಿನ ಸಲ ಅಭ್ಯಾಸದ ಕೊನೆಯಲ್ಲಿರುವ ಕಷ್ಟದ ಐದು ಲೆಕ್ಕಗಳನ್ನು ಅವಳಿಗೆ ಮೊದಲೇ ಕೊಡಿ. ನಾಲ್ಕಾದರೂ ಸರಿ ಮಾಡಿ, ಹೇಗೆ ಮಾಡಿದೆ ಅಂತ ಬಾಯಲ್ಲಿ ಹೇಳಿದಳೋ, ಉಳಿದದ್ದನ್ನು ಬಿಟ್ಟುಬಿಡಿ. ತಪ್ಪು ಜಾಸ್ತಿ ಬಂದರೆ ಅವಳಿಗೆ ಬೇಕಿರೋದು ಸವಾಲಲ್ಲ, ನಿಧಾನ.

ಆಮೇಲೆ ಒಂದೇ ದಾರಿ ಇಲ್ಲದ ಲೆಕ್ಕ ಕೊಡಿ. ಉದಾಹರಣೆಗೆ 2, 3, 4, 5 ಅನ್ನು ಒಂದೊಂದೇ ಸಲ ಬಳಸಿ ಎರಡು ಎರಡಂಕಿ ಸಂಖ್ಯೆ ಮಾಡು, ಗುಣಲಬ್ಧ ಆದಷ್ಟೂ ದೊಡ್ಡದಿರಲಿ. ಚುರುಕಾದ ಮಗು ತಟ್ಟನೆ 54 × 32 ಬರೆದು 1728 ಅಂತ ಪೆನ್ಸಿಲ್ ಕೆಳಗಿಡುತ್ತದೆ. ‘ಇದಕ್ಕಿಂತ ದೊಡ್ಡದು ಇಲ್ಲ ಅಂತ ಹೇಗೆ ಗೊತ್ತು?’ ಅಂತ ಕೇಳಿ, ಸುಮ್ಮನಿರಿ. ಸ್ವಲ್ಪ ಹೊತ್ತಿಗೆ 53 × 42 ಸಿಗುತ್ತದೆ, 2226. ಆಮೇಲೆ 52 × 43, ಅಂದರೆ 2236. ದೊಡ್ಡ ಅಂಕಿ ಎರಡನ್ನೂ ಹತ್ತರ ಸ್ಥಾನದಲ್ಲಿ ಇಡಬೇಕು, ಉಳಿದವುಗಳಲ್ಲಿ ಚಿಕ್ಕದನ್ನು ಐವತ್ತರ ಜೊತೆ ಸೇರಿಸಬೇಕು ಅಂತ ಅವಳೇ ಕಂಡುಕೊಳ್ಳಲಿ. ಮಧ್ಯೆ ಅವಳು ‘ಟೀಚರ್, ಸರೀನಾ?’ ಅಂತ ನಿಮ್ಮ ಮುಖ ನೋಡಬಹುದು. ಆ ಕ್ಷಣವನ್ನು ಗಮನಿಸಿ, ಅದೇ ರಿಪೋರ್ಟಿಗೆ ಬೇಕಾದದ್ದು. ಯಾವತ್ತೂ ತಡವರಿಸದ ಮಗುವಿಗೆ ಉತ್ತರ ಸಿಗದೆ ಕೂತು ಅಭ್ಯಾಸವೇ ಇರೋದಿಲ್ಲ, ಅಲ್ವಾ?

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

‘ಎರಡಂಕಿ ಗುಣಾಕಾರವನ್ನು ತಪ್ಪಿಲ್ಲದೆ ಮಾಡುತ್ತಾಳೆ, ಮಾಡಿದ ರೀತಿಯನ್ನು ವಿವರಿಸುತ್ತಾಳೆ. ಹಲವು ದಾರಿಗಳಿರುವ ಲೆಕ್ಕದಲ್ಲಿ ಮೊದಲ ಉತ್ತರಕ್ಕೇ ನಿಲ್ಲಿಸುತ್ತಾಳೆ. ಮುಂದಿನ ಅವಧಿಯಲ್ಲಿ ವಾರಕ್ಕೆ ಇಂಥ ಎರಡು ಲೆಕ್ಕ ಕೊಡುತ್ತೇನೆ, ಅದರ ಬದಲು ಅಭ್ಯಾಸದ ಲೆಕ್ಕ ಕಡಿಮೆ ಮಾಡುತ್ತೇನೆ. ಮನೆಯಲ್ಲಿ ಉತ್ತರ ಹೇಳಿಕೊಡದೆ, ಬೇರೆ ದಾರಿ ಇದೆಯಾ ಅಂತ ಕೇಳಿ.’

‘ಬದಲು’ ಅನ್ನೋ ಮಾತನ್ನು ದಯವಿಟ್ಟು ಬಿಡಬೇಡಿ. ಬೇಗ ಮುಗಿಸಿದ್ದಕ್ಕೆ ಇನ್ನೂ ಇಪ್ಪತ್ತು ಲೆಕ್ಕ ಸಿಗುತ್ತೆ ಅಂತ ಗೊತ್ತಾದ ಮಗು ನಿಧಾನವಾಗಿ ಬರೆಯೋದನ್ನು ಕಲಿತುಬಿಡುತ್ತದೆ. ವಾರಕ್ಕೆ ಎರಡು ಕೊಡೋಕೆ ಆಗಲ್ಲ ಅನಿಸಿದರೆ ಒಂದು ಅಂತಲೇ ಬರೆಯಿರಿ. ಮುಂದಿನ ಸಲ ಅವಳ ಅಪ್ಪ ಬಂದಾಗ ಆ ಹಾಳೆಗಳನ್ನು ಅವರಿಗೆ ತೋರಿಸಬಹುದು.