ಮೂರರಲ್ಲಿ ಎರಡು ಗೆದ್ದವನಿಗೆ ಎರಡನೆಯ ಸ್ಥಾನವೇಕೆ?

ಪ್ರಶ್ನೆ: ಜಿಲ್ಲಾ ಕ್ರೀಡಾಧಿಕಾರಿಗಳು ಶಾಲೆಗಳಿಗೆ ಕಳುಹಿಸಿದ ಪತ್ರದ ಪ್ರಕಾರ ನೂರು ಮೀಟರ್ ಓಟ, ಉದ್ದ ಜಿಗಿತ, ಗುಂಡು ಎಸೆತ ಸೇರಿಸಿ ಒಟ್ಟು ಸ್ಥಾನ ಕೊಟ್ಟರು. ಜಿಗಿತ, ಎಸೆತ ಎರಡರಲ್ಲೂ ನನ್ನ ಮಗನೇ ಮೊದಲು. ಆದರೂ ಅವನಿಗೆ ಎರಡನೆಯ ಸ್ಥಾನ. ಇದು ಮೋಸವಲ್ಲವೇ? ಅಂಕಪಟ್ಟಿ ಲಗತ್ತಿಸಿದ್ದೇನೆ. (ಪೋಷಕರು, ಕುಂಬಳೆ)

ಉತ್ತರ: ಮೋಸವಲ್ಲ. ಪ್ರತಿ ವರ್ಷ ಕ್ರೀಡಾಕೂಟ ಮುಗಿದ ಮರುವಾರ ಮಂಜೇಶ್ವರದಿಂದ ಹೊಸದುರ್ಗದವರೆಗೆ ಇದೇ ದೂರು ಬರುತ್ತದೆ, ಪ್ರತಿ ಸಲವೂ ಕಾರಣ ಒಂದೇ. ಪತ್ರದಲ್ಲಿ ಎರಡು ಬಗೆಯ ಅಂಕಗಳ ವಿಷಯವಿರುತ್ತದೆ. ಶಾಲೆಗಳು ಮೊದಲನೆಯದನ್ನು ಓದಿ ಪತ್ರವನ್ನು ಮಡಚಿಡುತ್ತವೆ. ಮಲಯಾಳದಲ್ಲಿ ಬಂದ ಪತ್ರವನ್ನು ಕನ್ನಡ ಶಾಲೆಯಲ್ಲಿ ಯಾರಾದರೊಬ್ಬರು ಬಾಯಿಮಾತಿನಲ್ಲಿ ಹೇಳಿ ಮುಗಿಸಿದರಂತೂ ಎರಡನೆಯ ಭಾಗ ಅಲ್ಲಿಯೇ ಕಳೆದುಹೋಗುತ್ತದೆ.

ಮೊದಲನೆಯದು ಸ್ಥಾನದ ಅಂಕ. ಕೇರಳದ ಶಾಲಾ ಕೂಟಗಳಲ್ಲಿ ಮೊದಲ ಮೂರು ಸ್ಥಾನಗಳಿಗೆ 5, 3, 1. ಶಾಲೆಯ ಚಾಂಪಿಯನ್‌ಷಿಪ್ಪಿಗೆ ಕೂಡಿಸುವುದು ಇದನ್ನು. ಎರಡನೆಯದು ಸಾಧನೆಯ ಅಂಕ. ಸಂಯುಕ್ತ ಸ್ಪರ್ಧೆಯಲ್ಲಿ ಯಾರನ್ನು ಹಿಂದಿಕ್ಕಿದಿರಿ ಎಂಬುದಕ್ಕೆ ಬೆಲೆಯಿಲ್ಲ. ಎಷ್ಟು ಸೆಕೆಂಡಿನಲ್ಲಿ ಓಡಿದಿರಿ, ಎಷ್ಟು ದೂರ ಹಾರಿದಿರಿ ಎಂಬುದನ್ನು ಸೂತ್ರಕ್ಕೆ ಹಾಕಿ ಅಂಕ ಕೊಡುತ್ತಾರೆ. ಹತ್ತು ಸ್ಪರ್ಧೆಗಳ ಡೆಕಾಥ್ಲಾನಿನಲ್ಲಿ ಬಳಸುವ ಸೂತ್ರವೇ ಅದು.

ನಿಮ್ಮ ಪಟ್ಟಿಯನ್ನೇ ನೋಡೋಣ. ನಿಮ್ಮ ಮಗ ನೂರು ಮೀಟರನ್ನು 12.60 ಸೆಕೆಂಡಿನಲ್ಲಿ ಓಡಿದ್ದಾನೆ, 538 ಅಂಕ. ಉದ್ದ ಜಿಗಿತ 5.60 ಮೀಟರ್, 502. ಗುಂಡು 10.20 ಮೀಟರ್, 498. ಒಟ್ಟು 1538. ಗೆದ್ದ ಹುಡುಗ ಓಡಿದ್ದು 12.00 ಸೆಕೆಂಡಿನಲ್ಲಿ, 651 ಅಂಕ. ಜಿಗಿತ 5.50ಕ್ಕೆ 481, ಗುಂಡು 9.80ಕ್ಕೆ 474. ಒಟ್ಟು 1606. ಅವನು 68 ಅಂಕ ಮುಂದಿದ್ದಾನೆ.

ಓಟದಲ್ಲಿ ನಿಮ್ಮ ಮಗ ಕಳೆದುಕೊಂಡದ್ದು 113 ಅಂಕ. ಜಿಗಿತದಲ್ಲಿ ಹತ್ತು ಸೆಂಟಿಮೀಟರ್ ಮುಂದೆ ಹೋಗಿ 21, ಎಸೆತದಲ್ಲಿ ನಲವತ್ತು ಸೆಂಟಿಮೀಟರ್ ಮುಂದೆ ಹೋಗಿ 24 ಮರಳಿ ಪಡೆದ. ಎರಡೂ ಗೆಲುವುಗಳು ಸಣ್ಣವು, ಸೋಲು ದೊಡ್ಡದು. 5-3-1 ಲೆಕ್ಕದಲ್ಲಿ ಅವನಿಗೆ 13, ಎದುರಾಳಿಗೆ 11 ಬರುತ್ತಿತ್ತು ನಿಜ, ಆದರೆ ಅಲ್ಲಿ ನಡೆದದ್ದು ಆ ಸ್ಪರ್ಧೆಯಲ್ಲ.

ಈ ಅಂಕಗಳು ಎಲ್ಲಿ ಅಗ್ಗ, ಎಲ್ಲಿ ದುಬಾರಿ ಎಂಬುದನ್ನು ದೈಹಿಕ ಶಿಕ್ಷಕರು ಅರಿತಿರಬೇಕು. ಈ ಮಟ್ಟದ ಹುಡುಗರಲ್ಲಿ ನೂರು ಮೀಟರಿನ ಒಂದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಸುಮಾರು 19 ಅಂಕ. ಅಷ್ಟನ್ನೇ ಜಿಗಿತದಲ್ಲಿ ಗಳಿಸಲು ಒಂಬತ್ತು ಸೆಂಟಿಮೀಟರ್ ಬೇಕು. ಗುಂಡಿನಲ್ಲಾದರೆ ಮೂವತ್ತು ಸೆಂಟಿಮೀಟರಿಗೂ ಹೆಚ್ಚು. ನಿಮ್ಮ ಮಗ ಆ 68 ಅಂಕವನ್ನು ಗುಂಡಿನಲ್ಲೇ ತುಂಬಲು ಹೊರಟರೆ ಇನ್ನೂ ಒಂದು ಮೀಟರಿಗಿಂತ ದೂರ ಎಸೆಯಬೇಕು. ಓಟವನ್ನು 12.20ಕ್ಕೆ ಇಳಿಸಿದರೆ 612 ಅಂಕ ಸಿಗುತ್ತದೆ, ಆಗ ಒಟ್ಟು 1612 ಆಗಿ ಅವನೇ ಗೆಲ್ಲುತ್ತಾನೆ. ಮುಂದಿನ ವರ್ಷದ ತಯಾರಿ ಎಲ್ಲಿಂದ ಶುರುವಾಗಬೇಕೆಂದು ನಿಮ್ಮ ಪಟ್ಟಿಯೇ ಹೇಳುತ್ತಿದೆ.

ದೂರು ಕೊಡುವ ಮೊದಲು ನೀವೇ ಲೆಕ್ಕ ಹಾಕಿ ನೋಡಿ. ಹುಡುಗರ ಮೂರು ಸೂತ್ರಗಳು ಕೆಳಗಿವೆ. ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ A2ರಲ್ಲಿ ಸೆಕೆಂಡು, B2ರಲ್ಲಿ ಜಿಗಿತ ಸೆಂಟಿಮೀಟರಿನಲ್ಲಿ, C2ರಲ್ಲಿ ಗುಂಡು ಮೀಟರಿನಲ್ಲಿ.

```
=INT(25.4347*(18-A2)^1.81)
=INT(0.14354*(B2-220)^1.4)
=INT(51.39*(C2-1.5)^1.05)
```

ಶಾಲೆಗಳು ಎಡವುವುದು ಇಲ್ಲಿಯೇ. ಜಿಗಿತವನ್ನು 5.60 ಎಂದು ಮೀಟರಿನಲ್ಲಿ ತುಂಬಿಸಿದರೆ ದೋಷ ಬರುತ್ತದೆ, 560 ಎಂದೇ ಬರೆಯಬೇಕು. ಬಂದ ಅಂಕದ ಭಿನ್ನಾಂಶವನ್ನು ಬಿಟ್ಟುಬಿಡಬೇಕೇ ಹೊರತು ಪೂರ್ಣಾಂಕಕ್ಕೆ ಏರಿಸಬಾರದು. ಸೂತ್ರ ಸರಿಯಾಗಿ ಕುಳಿತಿದೆಯೇ ಎಂದು ತಿಳಿಯಲು 12.00 ಹಾಕಿ, 651 ಬರಬೇಕು. ಬಾರದಿದ್ದರೆ ಆ ಹಾಳೆಯಿಂದ ಒಂದು ಅಂಕವನ್ನೂ ನಂಬಬೇಡಿ. ಹುಡುಗಿಯರ ಸೂತ್ರದ ಸಂಖ್ಯೆಗಳು ಬೇರೆ. ಇವನ್ನೇ ಅವರಿಗೂ ಹಾಕುವುದು ಅನ್ಯಾಯ.

ಇನ್ನು ಗಡಿಯಾರ. ಎಲೆಕ್ಟ್ರಾನಿಕ್ ವ್ಯವಸ್ಥೆಯಿಲ್ಲದ ಮೈದಾನದಲ್ಲಿ ಕೈಯಲ್ಲಿ ಒತ್ತುವ ಸ್ಟಾಪ್‌ವಾಚ್ 12.32 ತೋರಿಸಿದರೆ ಅದು 12.4 ಆಗುತ್ತದೆ. ಹತ್ತನೇ ಭಾಗವನ್ನು ಯಾವಾಗಲೂ ಮೇಲಕ್ಕೇ ಏರಿಸಬೇಕು. ಗುಂಡಿಯನ್ನು ಒತ್ತುವ ಕೈ ಬಂದೂಕಿನ ಸದ್ದಿಗಿಂತ ತಡವಾಗಿ ಏಳುತ್ತದೆ. ಆದ್ದರಿಂದ ಅಂಕ ಹಾಕುವಾಗ ನೂರು ಮೀಟರಿನ ಕೈವೇಳೆಗೆ 0.24 ಸೆಕೆಂಡು ಕೂಡಿಸುತ್ತಾರೆ. 12.4 ಈಗ 12.64 ಆಗಿ 531 ಅಂಕ ತರುತ್ತದೆ. ಕೂಡಿಸದೆ ಬಿಟ್ಟರೆ 574. ಒಬ್ಬ ಗುಮಾಸ್ತ ಈ 0.24ನ್ನು ಮರೆತರೆ ಹುಡುಗನೊಬ್ಬನಿಗೆ 43 ಅಂಕ ಪುಕ್ಕಟೆ! ಒಂದೇ ಸ್ಪರ್ಧೆಯಲ್ಲಿ ಕೆಲವರಿಗೆ ಕೈವೇಳೆ, ಕೆಲವರಿಗೆ ಎಲೆಕ್ಟ್ರಾನಿಕ್ ವೇಳೆ ಬಳಸಿದ್ದರೆ ಮೊದಲು ಪಟ್ಟಿಯ ಈ ಕಂಬಸಾಲನ್ನೇ ಪರೀಕ್ಷಿಸಿ. ನಿಜವಾದ ದೂರಿಗೆ ಆಧಾರವಿದ್ದರೆ ಇಲ್ಲಿಯೇ ಇರುತ್ತದೆ. ನಿಮ್ಮ ಪಟ್ಟಿಯಲ್ಲಿ ಎಲ್ಲರಿಗೂ ಒಂದೇ ಕ್ರಮ ಅನುಸರಿಸಿದ್ದಾರೆ, ಹಾಗಾಗಿ ನಿಮ್ಮ ದೂರು ನಿಲ್ಲುವುದಿಲ್ಲ.

ಪ್ರಶ್ನೆ: ನಮ್ಮೂರಿನ ಕೋಚ್ ಒಬ್ಬರು ಗುಂಡಿಗೆ ಅಂಕ ಜಾಸ್ತಿ, ಹುಡುಗ ದಪ್ಪ ಆಗಲಿ ಎಂದು ಡಬ್ಬಿಯ ಪುಡಿ ಕೊಡುತ್ತಿದ್ದಾರೆ. ಒಳ್ಳೆಯದೇ? (ಬದಿಯಡ್ಕ)

ಉತ್ತರ: ಇಂಥವರಿಂದ ನನಗೆ ಸಾಕಾಗಿದೆ. ಗುಂಡಿಗೆ ಅಂಕ ಜಾಸ್ತಿಯಲ್ಲ. ಮೇಲಿನ ಲೆಕ್ಕದಲ್ಲಿ ಒಂದು ಮೀಟರಿಗೆ ಅರುವತ್ತೇ ಅಂಕ. ಅದಕ್ಕಾಗಿ ಮೈಭಾರ ಏರಿಸಿದರೆ ಓಟ ನಿಧಾನವಾಗುತ್ತದೆ, ಮೂರೇ ಹತ್ತಾಂಶ ಸೆಕೆಂಡು ಹೆಚ್ಚಾದರೂ ಸುಮಾರು ಅಷ್ಟೇ ಅಂಕ ಕೈಬಿಡುತ್ತದೆ. ಒಳಗೇನಿದೆಯೆಂದು ಗೊತ್ತಿಲ್ಲದ ಪುಡಿಯನ್ನು ಬೆಳೆಯುವ ಮಗುವಿಗೆ ಕೊಡುವ ಮನುಷ್ಯನನ್ನು ಮೈದಾನದ ಹತ್ತಿರವೂ ಬಿಡಬೇಡಿ. ಆ ಡಬ್ಬಿಯನ್ನು ವೈದ್ಯರಿಗೆ ತೋರಿಸಿ, ಇಂದೇ ನಿಲ್ಲಿಸಿ.

ಪ್ರಶ್ನೆ: ರಿಲೇಯ ಅಂಕ ವೈಯಕ್ತಿಕ ಚಾಂಪಿಯನ್ ಲೆಕ್ಕಕ್ಕೆ ಸೇರುತ್ತದೆಯೇ? (ಪೈವಳಿಕೆ)

ಉತ್ತರ: ಇಲ್ಲ, ಅದು ಶಾಲೆಯದು.

ಪ್ರಶ್ನೆ: ಮೊದಲೆರಡು ಸ್ಪರ್ಧೆಗಳಲ್ಲೇ ಬಹಳ ಮುಂದಿದ್ದರೆ ಮೂರನೆಯದಕ್ಕೆ ಇಳಿಯದಿದ್ದರೆ ಆಗುವುದಿಲ್ಲವೇ? (ಕಾಸರಗೋಡು)

ಉತ್ತರ: ಆಗುವುದಿಲ್ಲ. ಎಸೆತಕ್ಕಿಳಿದು ಮೂರೂ ಯತ್ನ ಫೌಲ್ ಆದರೆ ಆ ಸ್ಪರ್ಧೆಗೆ ಸೊನ್ನೆ, ಒಟ್ಟು ಸ್ಥಾನ ಉಳಿಯುತ್ತದೆ. ಇಳಿಯದೇ ಇದ್ದರೆ ಹಿಂದೆ ಸರಿದನೆಂದು ಅವನನ್ನು ಒಟ್ಟು ಪಟ್ಟಿಯಿಂದಲೇ ತೆಗೆಯುತ್ತಾರೆ.