ಟ್ರಯಲ್ ಬ್ಯಾಲೆನ್ಸ್‌ನಲ್ಲಿ 540 ವ್ಯತ್ಯಾಸ

"ಡೆಬಿಟ್ ಕಡೆ 540 ಜಾಸ್ತಿ ಬರ್ತಿದೆ. ಸಸ್ಪೆನ್ಸ್ ಖಾತೆಗೆ ಹಾಕಿ ಮುಗಿಸಿಬಿಡಬಹುದಾ?"

ಬಹುಶಃ ಯಾವುದೋ ಮೊತ್ತದ ಅಂಕಿಗಳು ಅದಲುಬದಲಾಗಿವೆ. 540 ಒಂಬತ್ತರಿಂದ ಶೇಷವಿಲ್ಲದೆ ಭಾಗವಾಗುತ್ತದೆ, ಅದೇ ಸುಳಿವು. ಆದರೆ ಖಚಿತ ಎನ್ನಲಾಗದು. ಮೊದಲು ಎರಡೂ ಕಡೆ ಮತ್ತೆ ಕೂಡಿ ನೋಡಿ. ನಂತರ ಇದರ ಅರ್ಧ, ಅಂದರೆ 270, ಕ್ರೆಡಿಟ್‌ಗೆ ಹೋಗಬೇಕಾದದ್ದು ಡೆಬಿಟ್‌ನಲ್ಲಿ ಕೂತಿದೆಯೇ ಹುಡುಕಿ. ಅದೂ ಅಲ್ಲದಿದ್ದರೆ ಲೆಡ್ಜರನ್ನು ಮೂಲ ಪುಸ್ತಕಗಳ ಜೊತೆ ಹೋಲಿಸುತ್ತಾ ನೂರು ಮತ್ತು ಹತ್ತರ ಸ್ಥಾನದ ಮೇಲೇ ಕಣ್ಣಿಡಿ: 1,710 ಬದಲು 1,170 ಎಂದು ಬಿದ್ದಿರಬಹುದು.

ಸಿಗದಿದ್ದರೆ ಮಾತ್ರ ಸಸ್ಪೆನ್ಸ್‌ಗೆ 540 ಕ್ರೆಡಿಟ್ ಮಾಡಿ, ಹುಡುಕಾಟ ಮುಂದುವರಿಸಿ. ಆ ತಪ್ಪು ಮಾರಾಟ ಖಾತೆಯಲ್ಲಿ ಸಿಕ್ಕಿತೆನ್ನಿ. ಆಗ ಸಸ್ಪೆನ್ಸ್ ಡೆಬಿಟ್ 540, ಮಾರಾಟ ಕ್ರೆಡಿಟ್ 540. ಸಸ್ಪೆನ್ಸ್ ಸೊನ್ನೆಯಾಗುತ್ತದೆ. ರಿಪೇರಿ ಖರ್ಚು ಯಂತ್ರದ ಖಾತೆಗೆ ಹೋದಂಥ ತಪ್ಪು ಕಂಡರೆ ಸಸ್ಪೆನ್ಸ್ ಮುಟ್ಟಬೇಡಿ, ಅದು ತಾಳೆ ಕೆಡಿಸಿಯೇ ಇಲ್ಲ. ಆ ಎರಡು ಖಾತೆಗಳ ನಡುವೆಯೇ ಸರಿಪಡಿಸಿ.